525 ಪಟ್ಟು ಅಂತ ಬರೆದ ಟೆಲಿಸ್ಕೋಪಾ, 10×50 ಬೈನಾಕ್ಯುಲರಾ? ಮಕ್ಕಳಿಗೆ ಯಾವುದು ತಗೊಳ್ಳಲಿ (ವಿಜಯಪುರ)

ಜಲನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದ ಜಲನಗರದವರು. ಮಗನಿಗೆ 11 ವರ್ಷ, ಮಗಳಿಗೆ 6. ಶಾಲೆಯಲ್ಲಿ ಸೌರಮಂಡಲದ ಪಾಠ ಆದಾಗಿನಿಂದ ಮಗ ಶನಿಯ ಉಂಗುರ ನೋಡಲೇಬೇಕು ಅಂತ ಹಟ ಹಿಡಿದಿದ್ದಾನೆ. ಮಗಳಿಗೆ ಚಂದ್ರ ಕಂಡರೆ ಸಾಕು. ಆದರೆ ಅಣ್ಣನಿಗೆ ಕಂಡದ್ದೆಲ್ಲ ತನಗೂ ಕಾಣಬೇಕು ಅನ್ನುತ್ತಾಳೆ.

ಎಂಟು ಸಾವಿರದ ತನಕ ಖರ್ಚು ಮಾಡಬಹುದು. ಆನ್‌ಲೈನ್‌ನಲ್ಲಿ ಎರಡು ವಸ್ತು ನೋಡಿ ಇಟ್ಟಿದ್ದೇನೆ. ಒಂದು ಟೆಲಿಸ್ಕೋಪ್. ಮುಂದಿನ ಲೆನ್ಸ್ 60 ಮಿ.ಮೀ., ಫೋಕಲ್ ಲೆಂತ್ 700 ಮಿ.ಮೀ. ಅಂತ ಬರೆದಿದೆ. ಜೊತೆಗೆ ಕಣ್ಣಿಡುವ ಕಡೆ ಹಾಕುವ 20, 12.5 ಮತ್ತು 4 ಮಿ.ಮೀ. ಅಂತ ಮೂರು ಐಪೀಸ್, 3 ಪಟ್ಟಿನ ಬಾರ್ಲೋ ಅನ್ನುವ ಇನ್ನೊಂದು ಕೊಳವೆ, ಅಲ್ಯೂಮಿನಿಯಂ ಸ್ಟ್ಯಾಂಡ್. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 525 ಪಟ್ಟು ಅಂತಿದೆ. ಇನ್ನೊಂದು ಸಾದಾ 10×50 ಬೈನಾಕ್ಯುಲರ್, ಅಂದರೆ 10 ಪಟ್ಟು, ಮುಂದಿನ ಲೆನ್ಸ್ 50 ಮಿ.ಮೀ. ಅದಕ್ಕೆ ಸ್ಟ್ಯಾಂಡ್ ಇಲ್ಲ.

ನಮ್ಮ ಮನೆಯವರು "525 ಎಲ್ಲಿ, 10 ಎಲ್ಲಿ, ಇದರಲ್ಲಿ ಯೋಚನೆ ಮಾಡೋದೇನಿದೆ" ಅನ್ನುತ್ತಾರೆ. ಹಾಗಿದ್ದರೆ ಎರಡರ ಬೆಲೆ ಹತ್ತಿರ ಹತ್ತಿರ ಯಾಕಿದೆ ಅನ್ನೋದು ನನ್ನ ಪ್ರಶ್ನೆ. ದಿನಾ ನೋಡೋದು ಮನೆಯ ಮಾಳಿಗೆಯ ಮೇಲಿಂದ. ರಜೆಯಲ್ಲಿ ಬಸವನ ಬಾಗೇವಾಡಿ ಹತ್ತಿರದ ನಮ್ಮ ಹೊಲಕ್ಕೆ ಹೋಗುತ್ತೇವೆ, ಅಲ್ಲಿ ಒಳ್ಳೇ ಕತ್ತಲೆ ಇರುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಸಿಂದಗಿ ರೋಡ್

ಅಕ್ಕಾರ, ನಿಮ್ಮ ಯಜಮಾನರ ಮಾತೇ ಸರಿ. ಉಂಗುರ ನೋಡಬೇಕು ಅಂದರೆ ಬೈನಾಕ್ಯುಲರ್ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ 10×50 ಇದೆ. ಶನಿ ಅದರಲ್ಲಿ ಸ್ವಲ್ಪ ಉದ್ದನೆಯ ಚುಕ್ಕೆ ಅಷ್ಟೇ. ಟೆಲಿಸ್ಕೋಪ್ ತಗೊಳ್ಳಿ, ಪಟ್ಟು ಜಾಸ್ತಿ ಇದ್ದಷ್ಟೂ ಒಳ್ಳೇದು. ಬೇಡ ಅನ್ನಿಸಿದಾಗ ಕಡಿಮೆ ಮಾಡಿಕೊಳ್ಳಬಹುದು, ಬೇಕು ಅಂದಾಗ 525 ಕೈಯಲ್ಲಿ ಇರುತ್ತದೆ.

ಟಿಳಕವಾಡಿ ಫಿಸಿಕ್ಸ್

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಮಕ್ಕಳಿಗೆ ಆಕಾಶ ತೋರಿಸುವ ಕೆಲಸವನ್ನೂ ಇಷ್ಟಪಟ್ಟು ಮಾಡುತ್ತೇನೆ. ಸಿಂದಗಿ ರೋಡ್ ಸರ್ ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ. 10 ಪಟ್ಟಿನಲ್ಲಿ ಉಂಗುರ ಬಿಡಿಯಾಗಿ ಕಾಣುವುದಿಲ್ಲ. ಸುಮಾರು 25-30 ಪಟ್ಟು ಆದ ಮೇಲೆ ಮಾತ್ರ ಗ್ರಹ ಬೇರೆ, ಉಂಗುರ ಬೇರೆ ಅಂತ ಗೊತ್ತಾಗುತ್ತದೆ. 1610ರಲ್ಲಿ ಗೆಲಿಲಿಯೋ ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ ಶನಿಯನ್ನು ನೋಡಿ ಮೂರು ಗುಂಡು ಪಕ್ಕಪಕ್ಕದಲ್ಲಿವೆ ಅಂದುಕೊಂಡ. ಅದು ಉಂಗುರ ಅಂತ ಅವನಿಗೆ ತಿಳಿಯಲೇ ಇಲ್ಲ.

ಆದರೆ "ಪಟ್ಟು ಜಾಸ್ತಿ ಇದ್ದಷ್ಟೂ ಒಳ್ಳೇದು" ಅನ್ನುವುದನ್ನು ನಾನು ಒಪ್ಪುವುದಿಲ್ಲ. 525 ಎಲ್ಲಿಂದ ಬಂತು ನೋಡಿ. 700 ಅನ್ನು ಐಪೀಸಿನ ಸಂಖ್ಯೆಯಿಂದ ಭಾಗಿಸಿದರೆ ಪಟ್ಟು ಸಿಗುತ್ತದೆ. 20ರ ಐಪೀಸ್ ಹಾಕಿದರೆ 35. 12.5 ಹಾಕಿದರೆ 56. 4 ಹಾಕಿದರೆ 175. ಆ 175ಕ್ಕೆ 3 ಪಟ್ಟಿನ ಬಾರ್ಲೋ ಸೇರಿಸಿದರೆ 525. ಲೆಕ್ಕ ಸರಿಯಾಗೇ ಇದೆ. ಆದರೆ ಆ ಲೆಕ್ಕದಲ್ಲಿ ಮುಂದಿನ ಲೆನ್ಸಿನ ಅಗಲ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಅದೇ ಕಂಪನಿ 60ರ ಬದಲು 30 ಮಿ.ಮೀ. ಲೆನ್ಸ್ ಹಾಕಿದರೂ ಡಬ್ಬಿಯ ಮೇಲೆ 525 ಅಂತಲೇ ಬರೆಯಬಹುದು.

ಬೆಳಕು ಒಳಗೆ ಬರುವುದು ಆ ಲೆನ್ಸಿನಿಂದ ಮಾತ್ರ. ಎಷ್ಟು ಸಣ್ಣ ವಿವರ ಬಿಡಿಸಿ ತೋರಿಸಬಲ್ಲದು ಅನ್ನುವುದನ್ನೂ ಅದರ ಅಗಲವೇ ತೀರ್ಮಾನಿಸುತ್ತದೆ. ಐಪೀಸ್ ಮಾಡುವುದು ಬಂದ ಚಿತ್ರವನ್ನು ಹಿಗ್ಗಿಸುವ ಕೆಲಸ ಅಷ್ಟೇ. 35 ಪಟ್ಟಿನಿಂದ 525ಕ್ಕೆ ಹೋದರೆ ಶನಿ ಅಗಲದಲ್ಲಿ 15 ಪಟ್ಟು ಹಿಗ್ಗುತ್ತದೆ. ಅಂದರೆ ಅಷ್ಟೇ ಬೆಳಕು 225 ಪಟ್ಟು ದೊಡ್ಡ ಜಾಗದಲ್ಲಿ ಹರಡುತ್ತದೆ. ಮಸುಕಾದ, ಅಂಚಿಲ್ಲದ, ನಡುಗುವ ಒಂದು ಬೂದು ಮುದ್ದೆ ಕಾಣುತ್ತದೆ. ಫೋಕಸ್ ಎಷ್ಟು ತಿರುಗಿಸಿದರೂ ಅದು ಚೂಪಾಗುವುದಿಲ್ಲ. ಮಗು ತನಗೆ ನೋಡಲು ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ.

ನಾವು ಇಟ್ಟುಕೊಂಡಿರುವ ಮಿತಿ ಸುಲಭ. ಲೆನ್ಸಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು. 60ಕ್ಕೆ 120. ಅದೂ ಗಾಳಿ ಶಾಂತವಾಗಿದ್ದು ಲೆನ್ಸ್ ಒಳ್ಳೆಯದಿದ್ದರೆ. ನೀವು ಹೇಳಿದ ಟೆಲಿಸ್ಕೋಪಿನಲ್ಲಿ ಕೆಲಸಕ್ಕೆ ಬರುವುದು 35 ಮತ್ತು 56. ಶನಿಯ ಉಂಗುರಕ್ಕೆ ಅವೇ ಸಾಕು. 4ರ ಐಪೀಸನ್ನೂ ಆ ಬಾರ್ಲೋವನ್ನೂ ಡಬ್ಬಿಯಲ್ಲೇ ಬಿಡಿ.

ಇನ್ನೊಂದು ಮಾತು ಮಗನಿಗೆ ಹೇಳಿ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ನಮ್ಮ ಕಡೆಗೇ ತಿರುಗಿತ್ತು. ಆಮೇಲೆ ಕೆಲವು ವರ್ಷಗಳಲ್ಲಿ ಅದು ನಿಧಾನವಾಗಿ ಅಗಲವಾಗುತ್ತ ಹೋಗುತ್ತದೆ. ಮೊದಲ ಸಲ ಪುಸ್ತಕದ ಚಿತ್ರದಷ್ಟು ಅಗಲ ಕಾಣದಿದ್ದರೆ ಅದು ಟೆಲಿಸ್ಕೋಪಿನ ತಪ್ಪಲ್ಲ.

ಆಲಮಟ್ಟಿ ಹಕ್ಕಿ

ನನ್ನ ಅನುಭವ ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಬಂದಾಗ ನಾನು 8×42 ಒಯ್ಯುತ್ತೇನೆ. ಕುತ್ತಿಗೆಗೆ ಭಾರ ಇಲ್ಲ, ಮಳೆ ಬಂದರೂ ಚಿಂತೆ ಇಲ್ಲ. 10×50 ಅರ್ಧ ಗಂಟೆಯಲ್ಲಿ ಕೈ ಸೋಲಿಸುತ್ತದೆ. ದೂರದ್ದು ನೋಡಲು ಮಕ್ಕಳಿಗೆ 8×42 ಕೊಡಿಸಿ. ಟೆಲಿಸ್ಕೋಪಿನಲ್ಲಂತೂ ಹಕ್ಕಿ ತಲೆಕೆಳಗೆ ಕಾಣುತ್ತದೆ.

ಟಿಳಕವಾಡಿ ಫಿಸಿಕ್ಸ್

ಹಕ್ಕಿಗೆ 8×42 ಬಹಳ ಒಳ್ಳೆಯದು ಸರ್. ಇಲ್ಲಿ ಕೇಳಿದ್ದು ರಾತ್ರಿಯ ಆಕಾಶಕ್ಕೆ. ತಲೆಕೆಳಗಾದ ಶನಿಯಿಂದ ತೊಂದರೆ ಏನೂ ಇಲ್ಲ. ಆದರೆ ಭಾರದ ಬಗ್ಗೆ ನೀವು ಹೇಳಿದ್ದನ್ನು ತಾಯಿಯವರು ಲೆಕ್ಕಕ್ಕೆ ತಗೊಳ್ಳಬೇಕು. 10×50 ಸುಮಾರು ಒಂದು ಕೆಜಿಗೆ ಹತ್ತಿರ ಬರುತ್ತದೆ. ಆರು ವರ್ಷದ ಮಗು ಅದನ್ನು ಎತ್ತಿ ಹಿಡಿಯಲಾರದು.

ಸರ್ವೇ ಬಾಗಲಕೋಟೆ

ನನ್ನ ಕೆಲಸ ಭೂಮಿ ಅಳೆಯುವುದು. ಥಿಯೋಡೊಲೈಟ್, ಲೆವೆಲ್ ಯಂತ್ರ ಹಿಡಿದುಕೊಂಡೇ ವಯಸ್ಸಾಗಿದೆ. ಲೆನ್ಸಿನ ಬಗ್ಗೆ ಮೇಡಂ ಚೆನ್ನಾಗಿ ಹೇಳಿದ್ದಾರೆ. ಸ್ಟ್ಯಾಂಡಿನ ಬಗ್ಗೆ ಯಾರೂ ಮಾತೆತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ಬೆಲೆಯ ಟೆಲಿಸ್ಕೋಪ್ ಹೆಚ್ಚಾಗಿ ಕೈಕೊಡುವುದು ಕಾಲಿನಲ್ಲಿ.

ಪಟ್ಟು 56 ಇದ್ದರೆ ಅಲುಗಾಟವೂ 56 ಪಟ್ಟು. ಸ್ಟ್ಯಾಂಡಿನ ಪರೀಕ್ಷೆ ಹೀಗೆ ಮಾಡಿ. ಟೆಲಿಸ್ಕೋಪ್ ಜೋಡಿಸಿ, ದೂರದ ಮೊಬೈಲ್ ಟವರಿನ ತುದಿಗೆ ಫೋಕಸ್ ಮಾಡಿ. ಕೊಳವೆಯ ಹಿಂದಿನ ತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಕಣ್ಣು ಐಪೀಸಿನಲ್ಲೇ ಇರಲಿ. ಟವರಿನ ತುದಿ ಹೊಯ್ದಾಡುವುದು ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ, ಎಣಿಸಿ. ಒಂದೆರಡು ಸೆಕೆಂಡ್ ಆದರೆ ಚೆನ್ನಾಗಿದೆ. ಮೂರು ಆದರೂ ನಡೆಯುತ್ತದೆ. ಐದಾರು ಸೆಕೆಂಡ್ ಆದರೆ ಆ ಸ್ಟ್ಯಾಂಡ್ ಮೇಲೆ ಮಗು ಏನನ್ನೂ ನೆಮ್ಮದಿಯಿಂದ ನೋಡಲಾರದು.

ಯಾಕೆ ಅಂದರೆ ಆಕಾಶ ಒಂದೇ ಕಡೆ ನಿಲ್ಲುವುದಿಲ್ಲ. ಭೂಮಿ ತಿರುಗುವುದರಿಂದ ಗ್ರಹ ಐಪೀಸಿನ ಒಳಗೆ ಸರಿಯುತ್ತಲೇ ಇರುತ್ತದೆ. 56 ಪಟ್ಟಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡೂವರೆ-ಮೂರು ನಿಮಿಷ ಸಿಗುತ್ತದೆ. ನೀವು ಸರಿ ಮಾಡಿ, ಹಿಂದೆ ಸರಿದು, ಮಗನನ್ನು ನಿಲ್ಲಿಸಿ, ಅವನು ಕಣ್ಣು ಹೊಂದಿಸಿಕೊಳ್ಳುವುದಕ್ಕೆ ಅಷ್ಟು ಸಾಕು. 525ರಲ್ಲಿ ಸಿಗುವುದು ಇಪ್ಪತ್ತು ಸೆಕೆಂಡಿಗಿಂತ ಕಡಿಮೆ. ಸ್ಟ್ಯಾಂಡ್ ಸುಮ್ಮನಾಗಲು ಆರು ಸೆಕೆಂಡ್ ಬೇಕಾದರೆ ಮಗು ಕಣ್ಣಿಡುವಷ್ಟರಲ್ಲಿ ಶನಿ ಹೋಗಿಯೇ ಬಿಟ್ಟಿರುತ್ತದೆ. ಪಟ್ಟು ಮತ್ತು ಸ್ಟ್ಯಾಂಡ್ ಬೇರೆ ಬೇರೆ ವಿಷಯ ಅಲ್ಲ.

ಜಲನಗರದ ತಾಯಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸರ್, ತೆಳ್ಳಗಿನ ಸ್ಟ್ಯಾಂಡೇ ಬಂದರೆ ಅದನ್ನು ಗಟ್ಟಿ ಮಾಡಲು ದಾರಿ ಇದೆಯಾ? ನಮ್ಮ ಮಾಳಿಗೆಯಲ್ಲಿ ಗಾಳಿಯೂ ಜೋರು.

ಸರ್ವೇ ಬಾಗಲಕೋಟೆ

ಇದೆ ತಾಯಿ. ಮೊದಲನೆಯದು, ಕಾಲಿನ ಒಳಗಿನ ಭಾಗವನ್ನು ಹೊರಗೆ ಎಳೆಯಲೇಬೇಡಿ. ಎಳೆದಷ್ಟೂ ನಡುಕ. ಸ್ಟ್ಯಾಂಡ್ ಗಿಡ್ಡ ಇರಲಿ, ನೋಡುವವರು ಸ್ಟೂಲ್ ಮೇಲೆ ಕುಳಿತುಕೊಳ್ಳಲಿ. ನಿಮ್ಮ ಮಗಳ ಎತ್ತರಕ್ಕೂ ಅದೇ ಸರಿ. ಎರಡನೆಯದು, ನಡುವಿನ ತಟ್ಟೆಯ ಕೆಳಗೆ ಮರಳು ತುಂಬಿದ ಚೀಲವನ್ನೋ ನೀರು ತುಂಬಿದ ಎರಡು ಲೀಟರ್ ಬಾಟಲಿಯನ್ನೋ ಬಿಗಿಯಾಗಿ ಕಟ್ಟಿ. ತೂಗಾಡುವಂತೆ ಬಿಟ್ಟರೆ ಗಾಳಿಗೆ ಅದೇ ಅಲುಗಾಡಿಸುತ್ತದೆ. ತಟ್ಟೆ ತೀರಾ ತೆಳು ಪ್ಲಾಸ್ಟಿಕ್ ಇದ್ದರೆ ಪ್ಲೈವುಡ್ಡಿನಲ್ಲಿ ಅದೇ ಅಳತೆಗೆ ಒಂದು ತ್ರಿಕೋನ ಕತ್ತರಿಸಿ ಹಾಕಿ. ಕಾಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ.

ಇಂಥ ಸ್ಟ್ಯಾಂಡಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ಗ್ರಹವನ್ನು ನಡುವೆ ತಂದು ತಿರುಪು ಬಿಗಿ ಮಾಡಿದ ಕೂಡಲೇ ಮೂತಿ ಸ್ವಲ್ಪ ಕೆಳಗೆ ಜಾರುತ್ತದೆ. ಪ್ರತಿ ಸಲವೂ ಅಷ್ಟೇ ಜಾರುತ್ತದೆ. ಎಷ್ಟು ಅಂತ ಹಗಲಲ್ಲಿ ಟವರ್ ಮೇಲೆ ನೋಡಿಕೊಂಡು ರಾತ್ರಿ ಅಷ್ಟು ಮೇಲಕ್ಕೆ ಗುರಿ ಇಟ್ಟು ಬಿಗಿ ಮಾಡಿ.

ಮಾಳಿಗೆಯ ಬಗ್ಗೆ ಒಂದು ಮಾತು. ಒಂದು ಮಗು ನೋಡುವಾಗ ಇನ್ನೊಂದು ಓಡಾಡಿದರೆ ಸ್ಲ್ಯಾಬಿನ ನಡುಕ ಐಪೀಸಿನಲ್ಲಿ ಕಾಣುತ್ತದೆ. ಸ್ಲ್ಯಾಬಿನ ನಡುಮಧ್ಯೆ ಇಡದೆ ಗೋಡೆ ಇರುವ ಮೂಲೆಗೆ ಇಡಿ. ಗಾಳಿಯೂ ಕಡಿಮೆಯಾಗುತ್ತದೆ. ಅಂಗಳದ ನೆಲ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಟಿಳಕವಾಡಿ ಫಿಸಿಕ್ಸ್

ಅಂಗಳಕ್ಕೆ ನನ್ನದೂ ಒಂದು ಕಾರಣ ಇದೆ. ವಿಜಯಪುರದ ಬೇಸಿಗೆಯಲ್ಲಿ ಕಾಂಕ್ರೀಟ್ ಮಾಳಿಗೆ ರಾತ್ರಿ ಎಷ್ಟೋ ಹೊತ್ತಿನವರೆಗೆ ಬಿಸಿ ಬಿಡುತ್ತಿರುತ್ತದೆ. ಆ ಬಿಸಿ ಗಾಳಿ ಮೇಲೇರುವಾಗ ಗ್ರಹದ ಚಿತ್ರ ಹರಿಯುವ ನೀರಿನ ತಳದ ಕಲ್ಲಿನ ಹಾಗೆ ಕದಲುತ್ತದೆ. ಸ್ಟ್ಯಾಂಡ್ ನಡುಕವೋ ಗಾಳಿಯ ಕದಲಿಕೆಯೋ ಅಂತ ತಿಳಿಯುವುದು ಸುಲಭ. ಸ್ಟ್ಯಾಂಡ್ ನಡುಗಿದರೆ ಇಡೀ ಚಿತ್ರ ಒಟ್ಟಿಗೆ ಹೊಯ್ದಾಡಿ ನಿಲ್ಲುತ್ತದೆ. ಗಾಳಿಯಾದರೆ ಅಂಚುಗಳು ಕುದಿಯುತ್ತಿರುತ್ತವೆ, ನಿಲ್ಲುವುದೇ ಇಲ್ಲ. ಆಗ 35 ಪಟ್ಟಿಗೆ ಇಳಿಯುವುದೇ ಮದ್ದು. ನವೆಂಬರಿನಿಂದ ಫೆಬ್ರವರಿ ತನಕ ನಿಮ್ಮ ಕಡೆ ಈ ತೊಂದರೆ ಕಡಿಮೆ.

ಇಳಕಲ್ ಚಷ್ಮಾ

ನಾನು ಕನ್ನಡಕದ ಅಂಗಡಿ ನಡೆಸುತ್ತೇನೆ. 60 ಮಿ.ಮೀ. ಅಂತ ಬರೆದದ್ದೆಲ್ಲ ನಿಜವಾಗಿ 60 ಕೆಲಸ ಮಾಡುತ್ತದೆ ಅಂತ ನಂಬಬೇಡಿ. ಕೆಲವು ಅಗ್ಗದ ಟೆಲಿಸ್ಕೋಪುಗಳಲ್ಲಿ ಮುಂದಿನ ಲೆನ್ಸಿನ ಹಿಂದೆ, ಕೊಳವೆಯ ಒಳಗೆ ಒಂದು ಕಪ್ಪು ಪ್ಲಾಸ್ಟಿಕ್ ಉಂಗುರ ಕೂರಿಸಿರುತ್ತಾರೆ. ಸುಮಾರಾದ ಲೆನ್ಸಿನ ಅಂಚಿನಿಂದ ಬರುವ ಕೆಟ್ಟ ಬೆಳಕನ್ನು ಅದು ತಡೆಯುತ್ತದೆ. ಚಿತ್ರ ಸ್ವಲ್ಪ ಸುಧಾರಿಸುತ್ತದೆ, ಆದರೆ ನೀವು ದುಡ್ಡು ಕೊಟ್ಟ 60ರಲ್ಲಿ 40 ಮಾತ್ರ ಉಳಿಯಬಹುದು.

ಅಳೆಯಲು ಮೊಬೈಲ್ ಟಾರ್ಚ್ ಸಾಕು. ಹಗಲಲ್ಲಿ ದೂರದ ವಸ್ತುವಿಗೆ ಫೋಕಸ್ ಮಾಡಿ. ಆಮೇಲೆ ಕತ್ತಲೆ ಕೋಣೆಗೆ ಒಯ್ದು, ಐಪೀಸಿನ ಹಿಂದೆ ಒಂದು ಗೇಣು ದೂರದಿಂದ ಟಾರ್ಚ್ ಬಿಡಿ. ಮುಂದಿನ ಲೆನ್ಸಿಗೆ ಒತ್ತಿ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆಯ ಮೇಲೆ ಬೆಳಕಿನ ದುಂಡು ಬೀಳುತ್ತದೆ. ಪೆನ್ಸಿಲ್ಲಿನಿಂದ ಅಂಚು ಗುರುತು ಹಾಕಿ ಸ್ಕೇಲಿನಿಂದ ಅಳೆಯಿರಿ. ನಿಜವಾಗಿ ಕೆಲಸ ಮಾಡುವ ಅಗಲ ಅದೇ. ಬೈನಾಕ್ಯುಲರಿಗೂ ಇದೇ ಪರೀಕ್ಷೆ. ಗಿರಾಕಿಯೊಬ್ಬರು ತಂದ ಕೆಂಪು ಲೆನ್ಸಿನ "50" ಬೈನಾಕ್ಯುಲರಿನಲ್ಲಿ ದುಂಡು 40 ಮಿ.ಮೀ. ಕೂಡ ಬರಲಿಲ್ಲ. ಆ ಕನ್ನಡಿಯಂಥ ಕೆಂಪು ಲೇಪ ಇರುವುದನ್ನು ರಾತ್ರಿಗೆ ತಗೊಳ್ಳಲೇಬೇಡಿ. ಅದು ಒಳಗೆ ಬರಬೇಕಾದ ಬೆಳಕನ್ನೇ ವಾಪಸ್ ಕಳಿಸುತ್ತದೆ.

ಸಿಂದಗಿ ರೋಡ್

ಟಾರ್ಚ್ ಪರೀಕ್ಷೆ ಈಗಲೇ ನಮ್ಮ 10×50 ಮೇಲೆ ಮಾಡಿದೆ. 47 ಮಿ.ಮೀ. ಬಂತು. ಇದು ಸರಿನಾ?

ಇಳಕಲ್ ಚಷ್ಮಾ

ಪೆನ್ಸಿಲ್ ಗುರುತಿನಲ್ಲಿ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ. ನಿಮ್ಮದು ಒಳ್ಳೆಯದೇ.

ಜಲನಗರದ ತಾಯಿ

ಒಂದು ಹೊಸ ವಿಷಯ. ನಮ್ಮ ಓಣಿಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಹಳೆಯ 10×50 ಇತ್ತು. ನಿನ್ನೆ ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಗ ಚಂದ್ರನ ಕುಳಿಗಳನ್ನು ನೋಡಿ ಕುಣಿದ. ಗುರು ಗ್ರಹದ ಹತ್ತಿರ ಚುಕ್ಕೆ ಕಾಣುತ್ತಿದೆ ಅಂದ, ಆದರೆ ಕೈ ನಡುಗಿ ಎಷ್ಟು ಅಂತ ಎಣಿಸಲು ಆಗಲಿಲ್ಲ. ಮಗಳು ಮಾತ್ರ "ಎರಡು ಕಿಟಕಿ ಕಾಣ್ತಾವ, ನಡುವೆ ಕಪ್ಪು ಗೋಡೆ ಐತಿ" ಅಂದಳು. ಕಾಕಾ ಪೂರ್ತಿ ಮಡಚಿ ಕೊಟ್ಟರೂ ಹಾಗೇ. ಅವಳ ಕಣ್ಣಿನಲ್ಲಿ ಏನಾದರೂ ದೋಷ ಇರಬಹುದಾ? ರಾತ್ರಿಯೆಲ್ಲ ಅದೇ ಚಿಂತೆ ಆಯಿತು.

ಇಳಕಲ್ ಚಷ್ಮಾ

ಗಾಬರಿ ಬೇಡ ಅಕ್ಕಾರ. ಮಗು ಹೇಳಿದ್ದು ಬಹಳ ಸ್ಪಷ್ಟವಾಗಿದೆ. ದೊಡ್ಡವರ ಎರಡು ಕಣ್ಣಿನ ಪಾಪೆಗಳ ನಡುವೆ ಸಾಮಾನ್ಯವಾಗಿ 60 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಂತರ ಇರುತ್ತದೆ. ಆರು ವರ್ಷದ ಮಕ್ಕಳಲ್ಲಿ 50ರ ಆಸುಪಾಸು. 10×50ಯಂಥ ದೊಡ್ಡ ಬೈನಾಕ್ಯುಲರುಗಳಲ್ಲಿ ಎಷ್ಟೋ ಮಾದರಿಗಳು 56-58ಕ್ಕಿಂತ ಕಡಿಮೆಗೆ ಮಡಚುವುದಿಲ್ಲ. ಅವಳ ಕಣ್ಣು ಆ ಎರಡು ತೂತುಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕೇ ಎರಡು ಕಿಟಕಿ.

ಮನೆಯಲ್ಲೇ ಅಳೆಯಬಹುದು. ಅವಳನ್ನು ದೂರದ ಏನನ್ನಾದರೂ ನೋಡಲು ಹೇಳಿ. ಹುಬ್ಬಿನ ಕೆಳಗೆ ಸ್ಕೇಲ್ ಹಿಡಿದು ಒಂದು ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಬೈನಾಕ್ಯುಲರನ್ನು ಪೂರ್ತಿ ಮಡಚಿ ಎರಡು ಐಪೀಸುಗಳ ನಡುವನ್ನೂ ಅಳೆಯಿರಿ. ಎರಡನೆಯದು ದೊಡ್ಡದಿದ್ದರೆ ಆ ಬೈನಾಕ್ಯುಲರ್ ಆ ಮಗುವಿಗೆ ಅಲ್ಲ.

ಆದರೆ ಒಂದು ಎಚ್ಚರಿಕೆ. ಅಳತೆ ಹೊಂದಿದ ಮೇಲೂ ಒಂದೇ ಚಂದ್ರ ಎರಡಾಗಿ ಕಂಡರೆ ಅದು ಬೇರೆ ವಿಷಯ. ಬಿದ್ದ ಬೈನಾಕ್ಯುಲರಿನಲ್ಲಿ ಎರಡು ಕೊಳವೆಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತವೆ. ದೊಡ್ಡವರಿಗೂ ತಲೆನೋವು ಬರುತ್ತದೆ. ಆನ್‌ಲೈನ್‌ನಲ್ಲಿ ತಂದದ್ದನ್ನು ಮೊದಲ ದಿನವೇ ನೋಡಿ, ಹಾಗಿದ್ದರೆ ಹಿಂತಿರುಗಿಸಿ.

ಜಲನಗರದ ತಾಯಿ

ಈಗಲೇ ಅಳೆದೆ. ಮಗಳದ್ದು 51, ಮಗನದ್ದು 57. ಕಾಕಾ ಅವರ ಬೈನಾಕ್ಯುಲರನ್ನೂ ಪೂರ್ತಿ ಮಡಚಿ ಅಳೆದು ಬಂದೆ, 57. ಮಗನಿಗೆ ಕಾಣುವುದು, ಮಗಳಿಗೆ ಕಾಣದಿರುವುದು ಎರಡಕ್ಕೂ ಉತ್ತರ ಸಿಕ್ಕಿತು. ಎದೆಯ ಭಾರ ಇಳಿಯಿತು. ಹಾಗಾದರೆ ಮಗಳಿಗೆ ಏನು ಕೊಡಲಿ?

ಟಿಳಕವಾಡಿ ಫಿಸಿಕ್ಸ್

ಸಣ್ಣ 6×30 ಅಥವಾ 8×30 ಬಗೆಯವುಗಳಲ್ಲಿ ಕೆಲವು 50ರ ಹತ್ತಿರದವರೆಗೆ ಮಡಚುತ್ತವೆ. ಕೊಳ್ಳುವ ಮುಂಚೆ ಆ ಒಂದು ಸಂಖ್ಯೆಯನ್ನು ಮಾರುವವರಿಂದ ಬರಹದಲ್ಲಿ ಕೇಳಿ. 6 ಪಟ್ಟಿನಲ್ಲಿ ಕೈನಡುಕ ಅಷ್ಟು ಕಾಡುವುದಿಲ್ಲ, ಆಕಾಶವೂ ಅಗಲವಾಗಿ ಕಾಣುತ್ತದೆ. ಕೃತ್ತಿಕಾ ನಕ್ಷತ್ರಗುಚ್ಛ ಇಡಿಯಾಗಿ ಒಳಗೆ ಬರುತ್ತದೆ. ಅದು ಟೆಲಿಸ್ಕೋಪಿನಲ್ಲಿ ಅರ್ಧಂಬರ್ಧ ಬರುವ ವಸ್ತು. ಅಲ್ಲಿಯವರೆಗೆ ಟೆಲಿಸ್ಕೋಪಿನಲ್ಲಿ ಒಂದೇ ಕಣ್ಣು ಸಾಕಲ್ಲ, ಅವಳಿಗೂ ಕಾಣುತ್ತದೆ.

ಮಗನ ಕೈನಡುಕಕ್ಕೆ ದಾರಿ ಇದೆ. ಆರಾಮ ಕುರ್ಚಿಯಲ್ಲಿ ಒರಗಿ ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿಯಲಿ. ಇನ್ನೂ ಬೇಕು ಅಂದರೆ ಎರಡು ಕೊಳವೆಗಳ ನಡುವಿನ ಕೀಲಿನ ಮುಂದೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಒಳಗೆ ತಿರುಪಿನ ತೂತು. ಅಲ್ಲಿಗೆ ಎಲ್ ಆಕಾರದ ಒಂದು ಪಟ್ಟಿ ಹಾಕಿ ಕ್ಯಾಮೆರಾ ಟ್ರೈಪಾಡಿಗೆ ಕೂರಿಸಬಹುದು. ಎಲ್ಲ ಮಾದರಿಯಲ್ಲೂ ಇರುವುದಿಲ್ಲ, ಕಾಕಾ ಅವರದ್ದನ್ನು ನೋಡಿ. ಕೂರಿಸಿದ ಮೇಲೆ ಗುರುವಿನ ಚಂದ್ರರನ್ನು ಅವನು ಖಂಡಿತ ಎಣಿಸುತ್ತಾನೆ. ನಾಲ್ಕರಲ್ಲಿ ಒಂದೆರಡು ಗ್ರಹದ ಮುಂದೆಯೋ ಹಿಂದೆಯೋ ಇದ್ದರೆ ಅಂದು ಕಡಿಮೆ ಕಾಣುತ್ತವೆ.

ಖಾನಾಪುರ ರಾತ್ರಿ

ಎಲ್ಲರೂ 10×50 ಅನ್ನುತ್ತಿದ್ದೀರಿ. ಆಕಾಶಕ್ಕೆ 7×50 ಬಿಟ್ಟರೆ ಬೇರೆ ಇಲ್ಲ. 50 ಅನ್ನು 7ರಿಂದ ಭಾಗಿಸಿದರೆ 7 ಮಿ.ಮೀ. ಬೆಳಕಿನ ದುಂಡು ಕಣ್ಣಿಗೆ ಬರುತ್ತದೆ. 10×50ರಲ್ಲಿ 5 ಮಾತ್ರ. ಕತ್ತಲೆಯಲ್ಲಿ ಮಕ್ಕಳ ಪಾಪೆ 7ರ ತನಕ ತೆರೆಯುತ್ತದೆ, ಬೆಳಕು ಒಂದಿಷ್ಟೂ ದಂಡವಾಗುವುದಿಲ್ಲ. ನಡುಕವೂ ಕಡಿಮೆ. ನಾನು ಖಾನಾಪುರದ ಕಾಡಂಚಿನಲ್ಲಿ ಅದರಲ್ಲೇ ದೇವಯಾನಿ ಗೆಲಾಕ್ಸಿಯನ್ನು ನೋಡುತ್ತೇನೆ, ಬಹಳ ಚೆನ್ನಾಗಿ ಕಾಣುತ್ತದೆ.

ಟಿಳಕವಾಡಿ ಫಿಸಿಕ್ಸ್

ಕಾಡಂಚಿನಲ್ಲಿ ನೀವು ಹೇಳುವುದು ನಿಜ. ಆದರೆ ಇವರು ಹೆಚ್ಚಿನ ದಿನ ನೋಡುವುದು ಜಲನಗರದ ಬೀದಿದೀಪಗಳ ನಡುವೆ. ಅಲ್ಲಿ ಆಕಾಶವೇ ಬೂದು ಬಣ್ಣ. 7×50 ಆ ಬೂದು ಬೆಳಕನ್ನೂ ಪೂರ್ತಿ ತಂದು ಕಣ್ಣಿಗೆ ಹಾಕುತ್ತದೆ. 10 ಪಟ್ಟಿನಲ್ಲಿ ಹಿನ್ನೆಲೆ ಕಪ್ಪಾಗುತ್ತದೆ, ಮಂದ ನಕ್ಷತ್ರಗಳು ಎದ್ದು ಕಾಣುತ್ತವೆ. ದೀಪದ ಬೆಳಕಿದ್ದಾಗ ಪಾಪೆಯೂ 7ಕ್ಕೆ ತೆರೆಯುವುದಿಲ್ಲ.

ಖಾನಾಪುರ ರಾತ್ರಿ

ಹೊಲಕ್ಕೂ ಹೋಗುತ್ತೇವೆ ಅಂತ ಬರೆದಿದ್ದಾರಲ್ಲ ಮೇಡಂ. ಮಗುವಿನ ಕೈಯಲ್ಲಿ 10 ಪಟ್ಟು ನಡುಗಿದರೆ ಕಪ್ಪು ಹಿನ್ನೆಲೆ ತಗೊಂಡು ಏನು ಮಾಡುವುದು? ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ಸರ್ವೇ ಬಾಗಲಕೋಟೆ

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಸ್ಟ್ಯಾಂಡ್ ಇದ್ದರೆ 10, ಕೈಯಲ್ಲೇ ಹಿಡಿಯುವುದಾದರೆ 7 ಅನ್ನುತ್ತೇನೆ ನಾನು. ಮೇಡಂ ಒಪ್ಪಲಿಕ್ಕಿಲ್ಲ.

ನವನಗರ 4

ನಾನು ಮಕ್ಕಳಿಗೆ 76 ಮಿ.ಮೀ. ಕನ್ನಡಿಯ ಮೇಜಿನ ಮೇಲಿಡುವ ಸಣ್ಣ ಟೆಲಿಸ್ಕೋಪ್ ಕೊಡಿಸಿದ್ದೇನೆ. ಮೂರು ಕಾಲೇ ಇಲ್ಲ, ಕೆಳಗೆ ದುಂಡನೆ ಹಲಗೆ. ನಡುಕದ ಪ್ರಶ್ನೆಯೇ ಇಲ್ಲ. 60ಕ್ಕಿಂತ ಅಗಲವೂ ಜಾಸ್ತಿ. ಅದನ್ನೇ ತಗೊಳ್ಳಿ.

ಟಿಳಕವಾಡಿ ಫಿಸಿಕ್ಸ್

ಆ ಬಗೆಯ ಸ್ಟ್ಯಾಂಡ್ ನಿಜಕ್ಕೂ ಮಕ್ಕಳಿಗೆ ಚೆನ್ನ. ಆದರೆ ಯಾವುದರ ಮೇಲೆ ಇಡುತ್ತೀರಿ ಅನ್ನುವುದು ಮುಖ್ಯ. ಪ್ಲಾಸ್ಟಿಕ್ ಸ್ಟೂಲ್ ಮೇಲಿಟ್ಟರೆ ಮತ್ತೆ ಅದೇ ನಡುಕ. ಮನೆಯ ಮುಂದಿನ ಸಿಮೆಂಟ್ ಕಟ್ಟೆ ಸಿಕ್ಕರೆ ಉತ್ತಮ. ಇನ್ನೊಂದು ಮಿತಿ ಇದೆ. ಅವುಗಳ ಫೋಕಲ್ ಲೆಂತ್ ಹೆಚ್ಚಾಗಿ 300 ಮಾತ್ರ. 20ರ ಐಪೀಸಿಗೆ 15 ಪಟ್ಟು, 10ಕ್ಕೆ 30. ಚಂದ್ರ, ನಕ್ಷತ್ರಗುಚ್ಛಕ್ಕೆ ಬಹಳ ಚೆನ್ನ. ಅದಕ್ಕಿಂತ ಮೇಲೆ ಹೋದರೆ ಅಗ್ಗದ ಕನ್ನಡಿಯಲ್ಲಿ ಚಿತ್ರ ಮೆತ್ತಗಾಗುತ್ತದೆ. ಇವರ ಮಗನ ಮೊದಲ ಆಸೆ ಶನಿ. ಅದಕ್ಕೆ ಉದ್ದ ಕೊಳವೆಯ ಲೆನ್ಸ್ ಟೆಲಿಸ್ಕೋಪ್ ಕಡೆಗೆ ನನ್ನ ಒಲವು.

ನಿಮ್ಮ ದುಡ್ಡಿನಲ್ಲಿ 70 ಮಿ.ಮೀ., 700 ಫೋಕಲ್ ಲೆಂತ್ ಸಿಗುತ್ತದೆಯೇ ನೋಡಿ ತಾಯಿ. 60ಕ್ಕಿಂತ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ಬರುತ್ತದೆ. ಐಪೀಸಿನ ಕೊಳವೆಯ ಅಗಲ 31.7 ಮಿ.ಮೀ. ಇರಬೇಕು. 24.5 ಇದ್ದರೆ ಮುಂದೆ ಒಳ್ಳೆಯ ಐಪೀಸ್ ಸಿಗುವುದು ಕಷ್ಟ. 25 ಮತ್ತು 10ರ ಐಪೀಸ್ ಜೊತೆ ಬಂದರೆ 28 ಮತ್ತು 70 ಪಟ್ಟು. ಇನ್ನೇನೂ ಬೇಕಾಗುವುದಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಡಬ್ಬಿಯಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ಸನ್ ಫಿಲ್ಟರ್ ಬಂದರೆ ಅದನ್ನು ಒಡೆದು ಬಿಸಾಡಿ. ಸೂರ್ಯನ ಬಿಸಿಯೆಲ್ಲ ಅಲ್ಲೇ ಕೂಡುತ್ತದೆ, ಗಾಜು ಒಮ್ಮೆಲೇ ಬಿರಿಯಬಹುದು. ಆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಟವರ್ ಮೇಲೆ ಪರೀಕ್ಷೆ ಮಾಡುವಾಗಲೂ ಸೂರ್ಯ ನಿಮ್ಮ ಬೆನ್ನಿಗಿರಲಿ, ಹತ್ತಿರ ದೊಡ್ಡವರು ಇರಲಿ.

ಜಲನಗರದ ತಾಯಿ

ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. 525ರ ಲೆಕ್ಕ ಕೇಳಿ ಅವರೂ ಒಪ್ಪಿದರು. 70/700 ನಮ್ಮ ದುಡ್ಡಿಗೆ ಸಿಗುತ್ತದೆ, ಐಪೀಸ್ 31.7 ಅಂತ ಬರೆದಿದೆ, 25 ಮತ್ತು 10 ಜೊತೆಗೆ ಬರುತ್ತವೆ. ಅದನ್ನೇ ತರಿಸುತ್ತೇವೆ. ಬಂದ ದಿನ ತಟ್ಟುವ ಪರೀಕ್ಷೆ, ಟಾರ್ಚ್ ಪರೀಕ್ಷೆ ಎರಡೂ ಮಾಡಿ ಇಲ್ಲಿ ಬರೆಯುತ್ತೇನೆ. 10×50 ಕಾಕಾ ಅವರೇ ಮಕ್ಕಳಿಗೆ ಕೊಟ್ಟಿರುತ್ತೇನೆ ಅಂದಿದ್ದಾರೆ. ಅದರ ಕೀಲಿನ ಮುಂದೆ ಮುಚ್ಚಳವೂ ಇದೆ. ಮಗಳ 6×30 ಇನ್ನೂ ಸಿಕ್ಕಿಲ್ಲ. ಕೇಳಿದ ಇಬ್ಬರು ಮಾರಾಟಗಾರರಿಗೂ ಎಷ್ಟಕ್ಕೆ ಮಡಚುತ್ತದೆ ಅಂತ ಗೊತ್ತಿಲ್ಲ.

ಬೇಸಿಗೆ ರಜೆಯಲ್ಲಿ ಹೊಲಕ್ಕೆ ಹೋದಾಗ ಬೈನಾಕ್ಯುಲರಿನಲ್ಲಿ ಏನು ತೋರಿಸಲಿ?

ಟಿಳಕವಾಡಿ ಫಿಸಿಕ್ಸ್

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ರಾತ್ರಿ ಹತ್ತು-ಹನ್ನೊಂದರ ಸುಮಾರಿಗೆ ದಕ್ಷಿಣ ದಿಕ್ಕಿಗೆ ತಿರುಗಿ, ದಿಗಂತದಿಂದ ಇಪ್ಪತ್ತೈದು ಡಿಗ್ರಿ ಎತ್ತರದಲ್ಲಿ ಹುಡುಕಿ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ, ಹಾಗೆ ಎರಡೂವರೆ ಮುಷ್ಟಿ. ಒಮೇಗಾ ಸೆಂಟಾರಿ ಅನ್ನುವ ನಕ್ಷತ್ರಗಳ ದೊಡ್ಡ ಗುಂಡು ಮಂಜಿನ ಉಂಡೆಯಾಗಿ ಕಾಣುತ್ತದೆ. ದೆಹಲಿಯವರಿಗೆ ಅದು ದಿಗಂತದ ಧೂಳಿನಲ್ಲಿ ಮುಳುಗಿರುತ್ತದೆ, ನಿಮ್ಮ ಹೊಲದಿಂದ ಚೆನ್ನಾಗಿ ಎತ್ತರದಲ್ಲಿರುತ್ತದೆ. ಚಂದ್ರ ಇಲ್ಲದ ರಾತ್ರಿ ಆರಿಸಿಕೊಳ್ಳಿ.

ಸರ್ವೇ ಬಾಗಲಕೋಟೆ

ತಾಯಿ, ನಮ್ಮ ಹಳೆಯ ಮರದ ಸರ್ವೇ ಸ್ಟ್ಯಾಂಡುಗಳು ಗುಜರಿಯಲ್ಲಿ ಕೆಲವೊಮ್ಮೆ ಸಿಗುತ್ತವೆ. ಮರ ನಡುಕವನ್ನು ಬೇಗ ನುಂಗುತ್ತದೆ, ಬೈನಾಕ್ಯುಲರಿಗೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಆದರೆ ಅದರ ಬೋಲ್ಟ್ 5/8 ಇಂಚು, ಕ್ಯಾಮೆರಾ ಪಟ್ಟಿಯ ತಿರುಪು 1/4 ಇಂಚು. ನೇರವಾಗಿ ಕೂರುವುದಿಲ್ಲ. ಲೇಥ್ ಅಂಗಡಿಯಲ್ಲಿ ಒಂದು ಸಣ್ಣ ಹಿತ್ತಾಳೆ ತುಂಡು ಮಾಡಿಸಿ. ಕೆಳಗೆ 5/8ರ ಒಳತಿರುಪು, ಮೇಲೆ 1/4ರ ಹೊರತಿರುಪು ಅಂತ ಹೇಳಿದರೆ ಅವರಿಗೆ ತಿಳಿಯುತ್ತದೆ. ಎರಡೂ ಬೋಲ್ಟ್ ಜೊತೆಗೆ ಒಯ್ಯಿರಿ. 5/8ರಲ್ಲಿ ಇಂಚಿಗೆ 11 ಸುತ್ತು, 1/4ರಲ್ಲಿ 20. ಅದು ತಪ್ಪಿದರೆ ಕೂರುವುದಿಲ್ಲ.